ಎರಡು ಮಲಗುವ ಕೋಣೆಯ ಮನೆ: ಪ್ಲ್ಯಾನ್‌ನಿಂದ ಪೀಠೋಪಕರಣ ಸಮೇತ ಮೇಲ್ನೋಟದ ರೆಂಡರ್‌ವರೆಗೆ, ನಡುವೆ ತಪ್ಪಿದ್ದೆಲ್ಲಿ

ಸ್ಕ್ಯಾನ್ ಮಾಡಿದ ಒಂದು ಪ್ಲ್ಯಾನ್ ಹಾಳೆ. ಅದರ ಮೇಲೆ ಗೋಡೆಗಳು, ಬಾಗಿಲಿನ ಕಮಾನುಗೆರೆಗಳು, ಕೋಣೆಗಳ ಹೆಸರು ಮತ್ತು ಅಳತೆ ಇವೆ, ಪೀಠೋಪಕರಣ ಒಂದೂ ಇಲ್ಲ. ಮಂಚ, ಸೋಫಾ, ಊಟದ ಮೇಜು ಎಲ್ಲವನ್ನೂ ಇಟ್ಟು ನೇರ ಮೇಲಿನಿಂದ ನೋಡಿದಂಥ ಬಣ್ಣದ ಚಿತ್ರ ಮಾಡಬೇಕಿತ್ತು. ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಮಾಡಿದ ಮೊದಲ ರೆಂಡರ್ ನೋಡಲು ಚೆನ್ನಾಗಿಯೇ ಬಂತು. ಮರದ ನೆಲ, ಮೆತ್ತನೆಯ ನೆರಳು, ಮಂಚದ ಮೇಲೆ ಮಡಿಸಿಟ್ಟ ಹೊದಿಕೆ. ಆದರೆ ಅಳತೆಪಟ್ಟಿ ಹಿಡಿದು ನೋಡಿದಾಗ ಆ ಚಿತ್ರದಲ್ಲಿರುವಂತೆ ಆ ಮನೆಯಲ್ಲಿ ಬದುಕಲು ಆಗುವುದಿಲ್ಲ ಎಂದು ತಿಳಿಯಿತು. ಒಂದು ಬಾಗಿಲು ಅರ್ಧ ತೆರೆದು ನಿಲ್ಲುತ್ತದೆ, ಊಟಕ್ಕೆ ಕೂತರೆ ಓಡಾಡುವ ದಾರಿಯೇ ಇರುವುದಿಲ್ಲ, ಮಂಚದ ಮೇಲೆ ದೊಡ್ಡವರು ಕಾಲು ಚಾಚಿ ಮಲಗಲಾಗದು.

ಮನೆಯ ಹೊರ ಅಳತೆ 10.00 × 7.20 ಮೀಟರ್. ಹೊರಗೋಡೆ 20 ಸೆಂ.ಮೀ. ದಪ್ಪ, ಒಳಗೋಡೆ 10 ಸೆಂ.ಮೀ. ಹಾಳೆಯ ಎಡಭಾಗದಲ್ಲಿ ಕೆಳಗೆ 5.20 × 4.40ರ ಹಾಲ್. ಅದರ ಮೇಲೆ ಅಕ್ಕಪಕ್ಕದಲ್ಲಿ 3.00 × 2.30ರ ಅಡುಗೆಮನೆ ಮತ್ತು 2.10 × 2.30ರ ಬಾತ್‌ರೂಮ್. ಬಲಭಾಗದಲ್ಲಿ ಮೇಲೆ 4.30 × 3.60ರ ದೊಡ್ಡ ಮಲಗುವ ಕೋಣೆ, ಕೆಳಗೆ 4.30 × 3.10ರ ಚಿಕ್ಕದು. ಮುಖ್ಯ ಬಾಗಿಲು ಹಾಲ್‌ನ ಕೆಳಗೋಡೆಯ ಎಡತುದಿಯಲ್ಲಿದೆ. ಎರಡೂ ಮಲಗುವ ಕೋಣೆಗಳ ಬಾಗಿಲು ಹಾಲ್‌ನ ಬಲಗೋಡೆಯಲ್ಲಿ, ಒಂದರ ಮೇಲೊಂದು ಬರುತ್ತವೆ.

ಮೊದಲು ಅಳತೆ ಕೂರಿಸುವುದು

ಕೆಲಸ ಶುರುವಾಗುವುದು ಹಾಳೆಯ ಚಿತ್ರವನ್ನು ದೃಶ್ಯದೊಳಗೆ ತಂದು ನಿಜ ಅಳತೆಗೆ ಹಿಗ್ಗಿಸುವುದರಿಂದ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಆದರೂ ಚಿತ್ರ ನೋಡಿದವರಿಗೆ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹೆಚ್ಚುಕಡಿಮೆ ಆಗಿರುತ್ತದಲ್ಲ!

ಮೊದಲ ಸಲ ಅಳತೆ ಕೂರಿಸಿದ್ದು ಬಾಗಿಲಿನ ಅಗಲ ಹಿಡಿದು. ಬಾಗಿಲು 0.90 ಮೀಟರ್ ಎಂದು ಹಾಳೆಯಲ್ಲಿದೆ, ಸ್ಕ್ಯಾನ್‌ನಲ್ಲಿ ಅದು 144 ಪಿಕ್ಸೆಲ್. ಸ್ಕ್ಯಾನ್ ಮಾಡಿದ ಗೆರೆಯೇ ಮೂರ್ನಾಲ್ಕು ಪಿಕ್ಸೆಲ್ ದಪ್ಪವಿರುತ್ತದೆ. ಗೆರೆಯ ಒಳಅಂಚಿನಿಂದ ಅಳೆದರೋ ಹೊರಅಂಚಿನಿಂದಲೋ ಎಂಬುದರ ಮೇಲೆ 3 ಪಿಕ್ಸೆಲ್ ಆಚೀಚೆ ಆಗುವುದು ಸಹಜ. 144ರಲ್ಲಿ 3 ಎಂದರೆ ಶೇ. 2. ಅದೇ ಶೇ. 2 ಹತ್ತು ಮೀಟರಿನ ಮನೆಯಲ್ಲಿ 20 ಸೆಂ.ಮೀ. ಆಗುತ್ತದೆ, ಅಂದರೆ ಒಂದು ಹೊರಗೋಡೆಯಷ್ಟು ದಪ್ಪ. ಅದೇ 3 ಪಿಕ್ಸೆಲ್ ತಪ್ಪನ್ನು ಪೂರ್ತಿ 10 ಮೀಟರ್ ಉದ್ದದ ಮೇಲೆ ಮಾಡಿದ್ದರೆ ಮನೆಯಲ್ಲಿ 2 ಸೆಂ.ಮೀ. ವ್ಯತ್ಯಾಸವೂ ಬರುತ್ತಿರಲಿಲ್ಲ. ಹಾಗಾಗಿ ಹಾಳೆಯಲ್ಲಿ ಬರೆದಿರುವ ಅತಿ ಉದ್ದದ ಅಳತೆಯನ್ನೇ ಹಿಡಿಯಬೇಕು.

ಇನ್ನೊಂದು ತೊಡಕು ಹಾಳೆಯದ್ದೇ. ಅಡ್ಡಕ್ಕೆ 10.00 ಮೀಟರ್ ಎಂದರೆ 1600 ಪಿಕ್ಸೆಲ್ ಇತ್ತು, ಮೀಟರಿಗೆ 160. ಆ ಲೆಕ್ಕದಲ್ಲಿ ಉದ್ದಕ್ಕೆ 7.20 ಮೀಟರ್ ಎಂದರೆ 1152 ಪಿಕ್ಸೆಲ್ ಇರಬೇಕು, ಇದ್ದದ್ದು 1139. ಸ್ಕ್ಯಾನರ್ ಹಾಳೆಯನ್ನು ಎಳೆದುಕೊಳ್ಳುವಾಗ ಒಂದು ದಿಕ್ಕಿನಲ್ಲಿ ಸ್ವಲ್ಪ ಕುಗ್ಗಿಸಿದೆ. 13 ಪಿಕ್ಸೆಲ್ ಎಂದರೆ 8 ಸೆಂ.ಮೀ. ಒಳಗೋಡೆಯೊಂದನ್ನು ಬಹುಪಾಲು ನುಂಗುವಷ್ಟು. ಆದ್ದರಿಂದ ಅಡ್ಡ ಮತ್ತು ಉದ್ದಗಳನ್ನು ಬೇರೆಬೇರೆಯಾಗಿ ಹಿಗ್ಗಿಸಬೇಕು. ಚಿತ್ರ ಒಟ್ಟು 2000 ಪಿಕ್ಸೆಲ್ ಅಗಲವಿತ್ತು, ಅದನ್ನು `Size` 5 ಮೀಟರ್ ಎಂದು ಇಟ್ಟರೆ ಮನೆಯ ಅಡ್ಡ ಅಳತೆ 4.00 ಮೀಟರ್ ಬರುತ್ತದೆ. ಅಲ್ಲಿಂದ 10.00ಕ್ಕೆ ಹೋಗಲು `S X 2.5` ಎಂದು ಒತ್ತಬೇಕು. ಉದ್ದ ಅಳತೆ 2.8475 ಬರುತ್ತದೆ, ಅದು 7.20 ಆಗಲು `S Y 2.5285`. ಎರಡು ಸಾಲಿನ ಭಾಗಾಕಾರ ಅಷ್ಟೇ, ಆದರೂ ಹೆಚ್ಚಿನವರು ಒಂದೇ ಸಂಖ್ಯೆ ಕೊಟ್ಟು ಮುಂದೆ ಹೋಗಿಬಿಡುತ್ತಾರೆ.

ಗೋಡೆ ಎಬ್ಬಿಸುವಾಗ

ಹಾಳೆಯ ಮೇಲೆ ಹೊರಗೆರೆಯನ್ನು ಎಳೆದು, ಮೇಲಕ್ಕೆ ಎತ್ತಿ, `Solidify` ಹಾಕಿ ದಪ್ಪ ಕೊಡುವುದು ಎಲ್ಲರೂ ಹಿಡಿಯುವ ದಾರಿ. ಇಲ್ಲಿ `Offset` 0 ಇದ್ದರೆ ದಪ್ಪ ಗೆರೆಯ ಎರಡೂ ಬದಿಗೆ ಅರ್ಧರ್ಧ ಹಂಚಿಹೋಗುತ್ತದೆ. ಎಳೆದದ್ದು ಹೊರಅಂಚಿನ ಗೆರೆಯಾದ್ದರಿಂದ ಮನೆ ಹೊರಗಿನಿಂದ 10.20 ಆಯಿತು, ಒಳಗೆ 9.60 ಇರಬೇಕಾದದ್ದು 9.80 ಆಯಿತು. ಮನೆ ಹೊರಗೂ ಒಳಗೂ ಬೆಳೆದುಬಿಟ್ಟಿತು! ಇಂಥ 20 ಸೆಂ.ಮೀ. ಸಿಕ್ಕಿದರೆ ಪೀಠೋಪಕರಣ ಇಡುವವರಿಗೆ ಖುಷಿ, ಏಕೆಂದರೆ ಹಿಡಿಸದ್ದೂ ಹಿಡಿಸುತ್ತದೆ. ಗೋಡೆಯ ದಪ್ಪ ಪೂರ್ತಿ ಒಳಗಡೆಗೇ ಹೋಗುವಂತೆ `Offset` ಅನ್ನು 1 ಅಥವಾ -1 ಮಾಡಬೇಕು. ಎರಡರಲ್ಲಿ ಯಾವುದು ಎಂಬುದು ಗೆರೆ ಎಳೆದ ದಿಕ್ಕಿನ ಮೇಲೆ ಹೋಗುತ್ತದೆ, ಹಾಕಿ ನೋಡಿದರೆ ತಿಳಿಯುತ್ತದೆ.

ಸರಿಯಾಗಿದೆಯೇ ಎಂದು ನೋಡಲು ಕೂಡಿಸುವ ಲೆಕ್ಕ ಸಾಕು. ಅಡ್ಡಕ್ಕೆ 0.20 + 5.20 + 0.10 + 4.30 + 0.20, ಒಟ್ಟು 10.00. ಬಲಬದಿಯಲ್ಲಿ ಉದ್ದಕ್ಕೆ 0.20 + 3.10 + 0.10 + 3.60 + 0.20, ಒಟ್ಟು 7.20. ಹೀಗೆ ಕೂಡಿ ಬಂದರೆ ಇನ್ನೊಂದು ವಿಷಯವೂ ಖಚಿತವಾಗುತ್ತದೆ: ಹಾಳೆಯಲ್ಲಿ ಕೋಣೆಯ ಹೆಸರಿನ ಕೆಳಗೆ ಬರೆದದ್ದು ಗೋಡೆಯಿಂದ ಗೋಡೆಗೆ ಒಳ ಅಳತೆ, ಗೋಡೆಗಳ ನಡುಗೆರೆಯಿಂದ ಹಿಡಿದದ್ದಲ್ಲ. ನಡುಗೆರೆಯ ಅಳತೆ ಕೊಟ್ಟ ಹಾಳೆಗಳೂ ಇರುತ್ತವೆ. ಅಂಥದ್ದರಲ್ಲಿ ದಪ್ಪಗಳನ್ನು ಹೀಗೆ ಸೇರಿಸಿ ಕೂಡಿಸಿದರೆ ಮೊತ್ತ ಹೊರ ಅಳತೆಯನ್ನು ಮೀರುತ್ತದೆ.

ಗೆರೆಗಳನ್ನು ಓದುವುದರಲ್ಲಿ ಎರಡು ತಪ್ಪುಗಳಾಗಿದ್ದವು. ಪ್ಲ್ಯಾನ್ ಎಂದರೆ ನೆಲದಿಂದ ಸುಮಾರು 1.0ರಿಂದ 1.2 ಮೀಟರ್ ಎತ್ತರದಲ್ಲಿ ಮನೆಯನ್ನು ಅಡ್ಡ ಕೊಯ್ದು ಕೆಳಗೆ ನೋಡಿದ ಚಿತ್ರ. ಆ ಕೊಯ್ತಕ್ಕಿಂತ ಮೇಲಿರುವುದನ್ನು ತುಂಡುಗೆರೆಯಲ್ಲಿ ತೋರಿಸುತ್ತಾರೆ. ಅಡುಗೆಮನೆಯ ಮೇಲ್ಗೋಡೆಯಿಂದ 35 ಸೆಂ.ಮೀ. ದೂರದಲ್ಲಿ ಅಂಥ ಒಂದು ತುಂಡುಗೆರೆ ಇತ್ತು. ಅದು ಅಡುಗೆಕಟ್ಟೆಯ ಮೇಲೆ ತೂಗುವ ಕಪಾಟು. ಮೊದಲ ರೆಂಡರ್‌ನಲ್ಲಿ ಅದು ಕಟ್ಟೆಯ ಮೇಲೆ ಇಟ್ಟ ಮೆಟ್ಟಿಲಿನಂಥ ಹಲಗೆಯಾಗಿ ಬಂದಿತ್ತು, ಸಿಂಕ್ ಅದರ ಕೆಳಗೆ ಅರ್ಧ ಮುಚ್ಚಿಹೋಗಿತ್ತು. ಮೇಲ್ನೋಟದ ರೆಂಡರ್‌ನಲ್ಲಿ ಮೇಲಿನ ಕಪಾಟನ್ನು ಬಿಟ್ಟೇಬಿಡಬೇಕು. ಇಟ್ಟರೆ ಅದರ ಕೆಳಗಿರುವುದನ್ನೆಲ್ಲ ಮುಚ್ಚುತ್ತದೆ.

ಎರಡನೆಯದು ಬಾತ್‌ರೂಮಿನ ಮೂಲೆಯಲ್ಲಿದ್ದ 60 × 40 ಸೆಂ.ಮೀ. ಆಯತ, ಒಳಗೆ ಕರ್ಣಗೆರೆಗಳು. ಅದು ಪೈಪುಗಳು ಹಾದುಹೋಗುವ ಡಕ್ಟ್. ಅದನ್ನು ಗಮನಿಸದೆ ಅಲ್ಲಿ 90 × 90ರ ಶವರ್ ಜಾಗ ಮಾಡಲಾಗಿತ್ತು. ಡಕ್ಟ್ ಹೋದದ್ದರಿಂದ ಬಾತ್‌ರೂಮು ದೊಡ್ಡದಾಗಿಯೂ ಕಂಡಿತು. ಕಮೋಡ್ ಮಾತ್ರ ಎದುರು ಗೋಡೆಗೆ ಹೋಗಿತ್ತು, ಡಕ್ಟ್‌ನಿಂದ ಎರಡು ಮೀಟರ್ ದೂರಕ್ಕೆ. ಕಮೋಡಿನ ದಪ್ಪ ಪೈಪು ಇಳಿಜಾರಿನಲ್ಲಿ ಡಕ್ಟ್ ಸೇರಬೇಕು, ಅದಕ್ಕಾಗಿಯೇ ಅದನ್ನು ಡಕ್ಟ್‌ಗೆ ಅಂಟಿದಂತೆ ಇಡುತ್ತಾರೆ. ಪೀಠೋಪಕರಣವನ್ನು ಎಲ್ಲಿ ಬೇಕಾದರೂ ಇಡಬಹುದು, ನೀರಿನ ಜಾಗಗಳನ್ನು ಹಾಳೆ ಹೇಳಿದಲ್ಲೇ ಇಡಬೇಕು.

ಕ್ಯಾಮೆರಾ

ಇದರಲ್ಲಿ ಮಾತು ಕಡಿಮೆ. `Perspective` ಕ್ಯಾಮೆರಾವನ್ನು ಮನೆಯ ನಡುವೆ 15 ಮೀಟರ್ ಎತ್ತರದಲ್ಲಿ ಇಟ್ಟರೆ, ನಡುವಿನಿಂದ 5 ಮೀಟರ್ ದೂರದ ಹೊರಗೋಡೆಯ 1.2 ಮೀಟರ್ ಎತ್ತರದ ತಲೆ, ನೆಲದ ಲೆಕ್ಕದಲ್ಲಿ 43 ಸೆಂ.ಮೀ. ಹೊರಕ್ಕೆ ವಾಲಿ ಕಾಣುತ್ತದೆ. ಎತ್ತರದ ವಾರ್ಡ್‌ರೋಬ್ ಇನ್ನೂ ಹೆಚ್ಚು ವಾಲಿ ಗೋಡೆಯ ಮೇಲೆ ಹತ್ತಿದಂತೆ ಕಾಣುತ್ತದೆ. ಚಿತ್ರದ ಮೇಲೆ ಅಳತೆ ಹಿಡಿಯುವ ಮಾತೇ ಇಲ್ಲ. `Orthographic` ಒಂದೇ ದಾರಿ.

`Orthographic Scale` ಎಂಬುದು ಚಿತ್ರದ ಉದ್ದನೆಯ ಬದಿಯಲ್ಲಿ ಎಷ್ಟು ಮೀಟರ್ ಹಿಡಿಸಬೇಕು ಎಂಬ ಸಂಖ್ಯೆ. ಮನೆ 10.00, ಎರಡೂ ಕಡೆ ಅರ್ಧರ್ಧ ಮೀಟರ್ ಅಂಚು, ಒಟ್ಟು 11. ಉದ್ದಕ್ಕೆ ಹಾಗೆಯೇ 8.20. ಮೀಟರಿಗೆ 200 ಪಿಕ್ಸೆಲ್ ಎಂದು ಗೊತ್ತುಮಾಡಿಕೊಂಡರೆ ಚಿತ್ರ 2200 × 1640. ಮನೆಯ ಎಡ-ಕೆಳ ಮೂಲೆ ಸೊನ್ನೆಯಲ್ಲಿದ್ದರೆ ಹೀಗೆ:

```python
import bpy
cam = bpy.data.cameras.new("TopCam")
cam.type = 'ORTHO'
cam.ortho_scale = 11.0
obj = bpy.data.objects.new("TopCam", cam)
obj.location = (5.0, 3.6, 20.0)
bpy.context.collection.objects.link(obj)
sc = bpy.context.scene
sc.camera = obj
sc.render.resolution_x = 2200
sc.render.resolution_y = 1640
```

ತಿರುಗಿಸುವ ಕೋನ ಏನೂ ಕೊಡಬೇಕಿಲ್ಲ. ಕೋನವೆಲ್ಲ ಸೊನ್ನೆ ಇದ್ದಾಗ ಬ್ಲೆಂಡರ್ ಕ್ಯಾಮೆರಾ ನೇರ ಕೆಳಗೇ ನೋಡುತ್ತದೆ. ಈ ದುಂಡು ಸಂಖ್ಯೆಯಿಂದ ಆಗುವ ಲಾಭ ದೊಡ್ಡದು. ಇನ್ನು ಮುಂದೆ ರೆಂಡರ್‌ನ ಮೇಲೆ ಯಾವುದನ್ನು ಬೇಕಾದರೂ ಪಿಕ್ಸೆಲ್‌ನಲ್ಲಿ ಅಳೆದು 200ರಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಕೆಳಗೆ ಹೇಳಿದ ತಪ್ಪುಗಳಲ್ಲಿ ಮೊದಲನೆಯದು ಸಿಕ್ಕಿಬಿದ್ದದ್ದೇ ಹಾಗೆ.

ಚಿಕ್ಕ ಮಲಗುವ ಕೋಣೆ

4.30 × 3.10ರ ಕೋಣೆ. ಬಾಗಿಲು ಎಡಗೋಡೆಯ ಮೇಲ್ತುದಿಯಲ್ಲಿ, ಮೇಲ್ಗೋಡೆಯಿಂದ 10 ಸೆಂ.ಮೀ. ಬಿಟ್ಟು. ಕೀಲು ಮೇಲ್ಬದಿಯಲ್ಲಿದೆ, ಬಾಗಿಲ ಹಲಗೆ ಕೋಣೆಯೊಳಕ್ಕೆ ತೆರೆದು ಮೇಲ್ಗೋಡೆಯ ಪಕ್ಕಕ್ಕೆ ಬಂದು ನಿಲ್ಲಬೇಕು. ಕಿಟಕಿ ಬಲಗೋಡೆಯಲ್ಲಿ.

ಮೊದಲ ರೆಂಡರ್‌ನಲ್ಲಿ ಮಂಚದ ತಲೆಭಾಗ ಕೆಳಗೋಡೆಗಿತ್ತು. ಅದರ ಎದುರಿಗೆ ಮೇಲ್ಗೋಡೆಗೆ 1.80 ಅಗಲ, 0.60 ಆಳದ ವಾರ್ಡ್‌ರೋಬ್. ಎರಡರ ನಡುವೆ ಕಣ್ಣಿಗೆ ಸಾಕಷ್ಟು ಜಾಗವಿತ್ತು, ಅಳೆದರೆ 71 ಸೆಂ.ಮೀ. ಆದರೆ ಹಾಸಿಗೆ 340 ಪಿಕ್ಸೆಲ್ ಉದ್ದವಿತ್ತು. 200ರಿಂದ ಭಾಗಿಸಿದರೆ 1.70 ಮೀಟರ್. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡವರ ಹಾಸಿಗೆ ಸಾಮಾನ್ಯವಾಗಿ ಸುಮಾರು 2.00 ಮೀಟರ್, ಮಂಚದ ಚೌಕಟ್ಟು ಸೇರಿ 2.10. ಅಂದರೆ ಮಂಚದ ಮಾದರಿಯನ್ನು 0.85ಕ್ಕೆ ಕುಗ್ಗಿಸಲಾಗಿತ್ತು. ನಿಜ ಅಳತೆಯ ಮಂಚ ಇಟ್ಟರೆ 3.10ರಲ್ಲಿ 2.10 ಮಂಚ, 0.60 ವಾರ್ಡ್‌ರೋಬ್ ಕಳೆದು ಉಳಿಯುವುದು 40 ಸೆಂ.ಮೀ. ಅಷ್ಟರಲ್ಲಿ ನಿಂತು ವಾರ್ಡ್‌ರೋಬಿನ ಬಾಗಿಲು ತೆರೆಯಲಾಗುವುದಿಲ್ಲ, ಅಡ್ಡಡ್ಡ ಸರಿದು ಹೋಗಬೇಕು.

ಈ ಕುಗ್ಗಿಸುವಿಕೆ ಬೇಕೆಂದು ಮಾಡುವ ಮೋಸವಲ್ಲ. ಹೊರಗಿನಿಂದ ತಂದ ಮಾದರಿಗಳು ಒಂದೊಂದು ಅಳತೆಯಲ್ಲಿರುತ್ತವೆ: ಒಂದು ಮಿಲಿಮೀಟರ್‌ನಲ್ಲಿ, ಇನ್ನೊಂದು ಇಂಚಿನಲ್ಲಿ. ದೃಶ್ಯಕ್ಕೆ ತಂದ ಕೂಡಲೇ ಮಂಚ ಮನೆಗಿಂತ ದೊಡ್ಡದಾಗಿ ಅಥವಾ ಇರುವೆಯಷ್ಟಾಗಿ ಕಾಣುತ್ತದೆ. ಆಗ ಕೈಯಲ್ಲೇ ಎಳೆದು "ಇಷ್ಟಿದ್ದರೆ ಸರಿ" ಅನ್ನಿಸುವಷ್ಟಕ್ಕೆ ತರುತ್ತಾರೆ, ಮತ್ತು ಕೋಣೆಗೆ ಹಿಡಿಸುವಷ್ಟೇ ಯಾವಾಗಲೂ ಸರಿ ಅನ್ನಿಸುತ್ತದೆ. ಇದಕ್ಕೆ ಮದ್ದು ಒಂದೇ. ಮಾದರಿ ತಂದ ತಕ್ಷಣ, ಕೋಣೆಯೊಳಗೆ ಇಡುವ ಮೊದಲೇ, `N` ಫಲಕದ `Dimensions`ನಲ್ಲಿ ಅಳತೆ ಸರಿಪಡಿಸಿ `Ctrl+A` ಒತ್ತಿ `Scale` ಗಟ್ಟಿ ಮಾಡಿಬಿಡುವುದು. ಆಮೇಲೆ ಯಾವ ಪೀಠೋಪಕರಣದ `Scale` 1.000 ಅಲ್ಲವೋ ಅದನ್ನು ಯಾರೋ ಎಳೆದಿದ್ದಾರೆ ಎಂದರ್ಥ. ಅಳತೆಪಟ್ಟಿಯಿಲ್ಲದೆ ಹಿಡಿಯುವ ಉಪಾಯವೂ ಇದೆ: 1.60ರ ಹಾಸಿಗೆಯ ಅಗಲ 0.90ರ ಬಾಗಿಲಿನ ಒಂದೂಮುಕ್ಕಾಲು ಪಟ್ಟು ಕಾಣಬೇಕು. ಒಂದೂವರೆ ಪಟ್ಟು ಕಂಡರೆ ಮಂಚ ಕುಗ್ಗಿದೆ.

ಬಾಗಿಲಿನ ತಪ್ಪು ಇದಕ್ಕಿಂತ ಅಡಗಿತ್ತು. ವಾರ್ಡ್‌ರೋಬು ಎಡಗೋಡೆಯಿಂದ 60 ಸೆಂ.ಮೀ. ಬಿಟ್ಟು ಶುರುವಾಗುತ್ತಿತ್ತು, ಕಿಟಕಿಯ ಕಡೆ ಬೆಳಕಿಗೆ ಜಾಗ ಬಿಡಲೆಂದು ಎಡಕ್ಕೆ ಸರಿಸಿದ್ದರು. ರೆಂಡರ್‌ನಲ್ಲಿ ಬಾಗಿಲು ಮುಚ್ಚಿದ ಸ್ಥಿತಿಯಲ್ಲಿತ್ತು. ಹಾಗಾಗಿ ಏನೂ ತೊಂದರೆ ಕಾಣಲಿಲ್ಲ. ಲೆಕ್ಕ ಹಾಕಿ ನೋಡಿ: ಕೀಲಿನಿಂದ ವಾರ್ಡ್‌ರೋಬಿನ ಮುಂದಿನ ಮೂಲೆ ಬಲಕ್ಕೆ 60 ಸೆಂ.ಮೀ., ಕೆಳಕ್ಕೆ 50 ಸೆಂ.ಮೀ. ಓರೆಯಾಗಿ ಸುಮಾರು 78 ಸೆಂ.ಮೀ. ಬಾಗಿಲ ಹಲಗೆ 90. ಹಲಗೆ ಆ ಮೂಲೆಗೆ ತಗುಲಿ 50 ಡಿಗ್ರಿಗೇ ನಿಂತುಬಿಡುತ್ತದೆ. ಮಂಚವನ್ನು ಒಳಗೆ ತರುವುದು ಹಾಗಿರಲಿ, ಕೈಯಲ್ಲೊಂದು ಬಟ್ಟೆಬುಟ್ಟಿ ಹಿಡಿದು ನುಸುಳುವುದೂ ಕಷ್ಟ.

ಹಾಳೆಯಲ್ಲಿದ್ದ ಕಮಾನುಗೆರೆ ಈ ಜಾಗವನ್ನು ಕಾಯುತ್ತಿತ್ತು. ಮೂರು ಆಯಾಮಕ್ಕೆ ಬಂದಾಗ ಕಮಾನುಗೆರೆ ಹೋಯಿತು, ಜಾಗವೂ ಹೋಯಿತು. ಅದನ್ನು ಮರಳಿ ತರಲು ಪ್ರತಿ ಬಾಗಿಲಿಗೂ ಹಲಗೆಯಷ್ಟೇ ತ್ರಿಜ್ಯದ ಕಾಲುವೃತ್ತದ ಬಿಲ್ಲೆಯೊಂದನ್ನು ನೆಲದ ಮೇಲಿಟ್ಟು, ಕೆಂಪು ಬಣ್ಣ ಕೊಟ್ಟು, ಬೇರೆಯದೇ ಒಂದು ಕಲೆಕ್ಷನ್‌ನಲ್ಲಿ ಇಡುವುದು ಒಳ್ಳೆಯದು. ಪೀಠೋಪಕರಣ ಜೋಡಿಸುವಾಗ ಅದು ಕಾಣುತ್ತಿರಲಿ, ರೆಂಡರ್ ಮಾಡುವಾಗ ಆ ಕಲೆಕ್ಷನ್‌ನ ಕ್ಯಾಮೆರಾ ಗುರುತನ್ನು ಆಫ್ ಮಾಡಿದರಾಯಿತು. ಕೊನೆಯ ಚಿತ್ರದಲ್ಲಿ ಬಾಗಿಲುಗಳನ್ನು 90 ಡಿಗ್ರಿ ತೆರೆದೇ ತೋರಿಸಿದರೆ ಇನ್ನೂ ಒಳಿತು. ನೋಡುವವರಿಗೆ ಎಲ್ಲಿ ಗೋಡೆ, ಎಲ್ಲಿ ದಾರಿ ಎಂದು ಥಟ್ಟನೆ ತಿಳಿಯುತ್ತದೆ.

ಸರಿಪಡಿಸಿದ್ದು ಹೀಗೆ. ವಾರ್ಡ್‌ರೋಬನ್ನು ಎಡಗೋಡೆಗೆ, ಬಾಗಿಲಿನ ಕೆಳಗೆ ಉಳಿದ 2.10 ಮೀಟರಿನಲ್ಲಿ, ಕೆಳಮೂಲೆಗೆ ಸೇರಿಸಿ ಇಡಲಾಯಿತು. ಅದರ 1.80 ಕಳೆದರೂ ಬಾಗಿಲಿನ ತನಕ 30 ಸೆಂ.ಮೀ. ಉಳಿಯುತ್ತದೆ. ಅದರ ಮುಂದೆ 90 ಸೆಂ.ಮೀ. ಬಿಟ್ಟು ಮಂಚ, ತಲೆಭಾಗ ಮೊದಲಿನಂತೆ ಕೆಳಗೋಡೆಗೆ. ಮಂಚದ ಅಗಲ 1.70. ಬಲಕ್ಕೆ ಕಿಟಕಿಯ ತನಕ 1.10 ಉಳಿಯಿತು, ಪಕ್ಕದ ಸಣ್ಣ ಮೇಜಿಗೂ ಜಾಗವಾಯಿತು. ಕಾಲ ಬಳಿ 3.10ರಲ್ಲಿ 2.10 ಹೋಗಿ ಒಂದು ಮೀಟರ್ ದಾರಿ. ಬಾಗಿಲಿನ ಕೆಂಪು ಬಿಲ್ಲೆ ಎಡಗೋಡೆಯಿಂದ 90 ಸೆಂ.ಮೀ.ಗೆ ಮುಗಿಯುತ್ತದೆ, ಮಂಚ ಶುರುವಾಗುವುದು 1.50ಕ್ಕೆ. ಯಾವುದನ್ನೂ ಕುಗ್ಗಿಸದೆ ಎಲ್ಲವೂ ಹಿಡಿಸಿತು.

ಹಾಲ್‌ನಲ್ಲಿ ಊಟದ ಮೇಜು

ಮೇಜು 1.60 × 0.90. ಎಡಗೋಡೆಯ ಉದ್ದಕ್ಕೆ ಇಟ್ಟು, ಎರಡೂ ಉದ್ದಬದಿಗೆ ಎರಡೆರಡು ಕುರ್ಚಿ, ಎಲ್ಲವೂ ಅಚ್ಚುಕಟ್ಟಾಗಿ ಮೇಜಿನ ಕೆಳಗೆ ತಳ್ಳಿದ ಸ್ಥಿತಿಯಲ್ಲಿ. ಹಾಗೆ ತಳ್ಳಿದ ಕುರ್ಚಿ ಮೇಜಿನಂಚಿನಿಂದ 25 ಸೆಂ.ಮೀ. ಮಾತ್ರ ಹೊರಗಿರುತ್ತದೆ. ಹೀಗಾಗಿ ಗೋಡೆಯಿಂದ 0.25, 0.90, 0.25 ಸೇರಿ 1.40ಕ್ಕೆ ಊಟದ ಜಾಗ ಮುಗಿಯಿತು. ಸೋಫಾದ ಬೆನ್ನು 2.30ರಲ್ಲಿತ್ತು. ನಡುವೆ 90 ಸೆಂ.ಮೀ. ದಾರಿ, ಚಿತ್ರದಲ್ಲಿ ಸೊಗಸಾಗಿ ಕಂಡಿತು.

ಕುರ್ಚಿಯಲ್ಲಿ ಕೂತು ಏಳಬೇಕಾದರೆ ಮೇಜಿನಂಚಿನಿಂದ ಸುಮಾರು 75 ಸೆಂ.ಮೀ. ಬೇಕು. ಗೋಡೆಬದಿಯ ಎರಡು ಕುರ್ಚಿಗಳಿಗೆ ಇದ್ದದ್ದು 25. ಅವುಗಳಲ್ಲಿ ಯಾರೂ ಕೂರಲಾರರು, ಅವು ಬರೀ ಅಲಂಕಾರ. ಕೂರುವಂತೆ ಮಾಡಲು ಮೇಜನ್ನು ಗೋಡೆಯಿಂದ ಸರಿಸಿದರೆ 0.75, 0.90, 0.75, ಒಟ್ಟು 2.40 ಬೇಕು. ಸೋಫಾದ ಬೆನ್ನು ಇರುವುದು 2.30ರಲ್ಲಿ. ಇಲ್ಲಿ ದಾರಿ ಕಿರಿದಾಗುವುದಲ್ಲ, ದಾರಿಯೇ ಇಲ್ಲವಾಗಿ ಹತ್ತು ಸೆಂಟಿಮೀಟರ್ ಸೋಫಾದೊಳಕ್ಕೂ ಹೋಗಬೇಕಾಗುತ್ತದೆ. ಮುಖ್ಯ ಬಾಗಿಲಿನಿಂದ ಅಡುಗೆಮನೆಗೂ ಮಲಗುವ ಕೋಣೆಗಳಿಗೂ ಹೋಗುವುದು ಇದೇ ಸಂದಿನಲ್ಲಿ.

ಮೇಲ್ನೋಟದ ರೆಂಡರ್‌ಗಳಲ್ಲಿ ಇಷ್ಟು ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲವೇನೋ. ಕುರ್ಚಿ, ಡ್ರಾಯರ್, ಫ್ರಿಜ್ ಬಾಗಿಲು ಎಲ್ಲವೂ ಮುಚ್ಚಿದ ಸ್ಥಿತಿಯಲ್ಲೇ ಅಂದವಾಗಿ ಕಾಣುತ್ತವೆ, ಬಳಸುವಾಗ ಬೇಕಾದ ಜಾಗ ಮಾತ್ರ ಚಿತ್ರಕ್ಕೆ ಬರುವುದೇ ಇಲ್ಲ. ಬಾಗಿಲಿನ ಕೆಂಪು ಬಿಲ್ಲೆಯಂತೆಯೇ ಮೇಜಿನ ಸುತ್ತ 75 ಸೆಂ.ಮೀ. ಪಟ್ಟಿ, ವಾರ್ಡ್‌ರೋಬಿನ ಮುಂದೆ 90, ಕಮೋಡಿನ ಮುಂದೆ 60 ಎಂದು ಅದೇ ಕಲೆಕ್ಷನ್‌ನಲ್ಲಿ ತೆಳ್ಳನೆಯ ಹಾಳೆಗಳನ್ನು ಹಾಸಿಕೊಳ್ಳಬೇಕು. ಕೆಂಪು ಹಾಳೆಯ ಮೇಲೆ ಇನ್ನೊಂದು ವಸ್ತು ಕೂತರೆ ತಪ್ಪು. ಎರಡು ಕೆಂಪು ಹಾಳೆಗಳು ಒಂದರ ಮೇಲೊಂದು ಬರುವುದು ಕೆಲವೊಮ್ಮೆ ನಡೆಯುತ್ತದೆ, ವಾರ್ಡ್‌ರೋಬನ್ನೂ ಕೋಣೆಯ ಬಾಗಿಲನ್ನೂ ಒಬ್ಬರೇ ಒಂದೇ ಗಳಿಗೆಯಲ್ಲಿ ತೆರೆಯುವುದಿಲ್ಲವಲ್ಲ.

ಪರಿಹಾರ: ಮೇಜಿನ ಉದ್ದಬದಿಯನ್ನು ಗೋಡೆಗೇ ಅಂಟಿಸಿ, ಗೋಡೆಬದಿಯ ಎರಡು ಕುರ್ಚಿಗಳನ್ನು ಮೇಜಿನ ಎರಡು ತುದಿಗೆ ತರಲಾಯಿತು. ಕುರ್ಚಿ ನಾಲ್ಕೇ ಉಳಿದವು. ಈಗ ಗೋಡೆಯಿಂದ 0.90 ಮತ್ತು 0.75, ಒಟ್ಟು 1.65. ಸೋಫಾವನ್ನು 30 ಸೆಂ.ಮೀ. ಬಲಕ್ಕೆ ಸರಿಸಿ ಬೆನ್ನನ್ನು 2.60ಕ್ಕೆ ತಂದರೆ, ಜನ ಕೂತಿದ್ದಾಗಲೂ 95 ಸೆಂ.ಮೀ. ದಾರಿ. ಸೋಫಾ 0.90 ಆಳ, 3.50ಕ್ಕೆ ಮುಗಿಯುತ್ತದೆ. ಅದರ ಮುಂದೆ 45 ಸೆಂ.ಮೀ. ಬಿಟ್ಟು ಅರ್ಧ ಮೀಟರ್ ಆಳದ ಟೀಪಾಯಿ, ಮತ್ತೆ 40 ಸೆಂ.ಮೀ. ಬಿಟ್ಟು ಬಲಗೋಡೆಗೆ 35 ಸೆಂ.ಮೀ. ಆಳದ ಟಿವಿ ಸ್ಟ್ಯಾಂಡ್. ಅಲ್ಲಿಗೆ ಸರಿಯಾಗಿ 5.20. ಸೋಫಾದ ಉದ್ದ 2.00ಕ್ಕೆ ನಿಲ್ಲಿಸಬೇಕಾಯಿತು, ಏಕೆಂದರೆ ಬಲಗೋಡೆಯಲ್ಲಿ ಕೆಳಗಿನಿಂದ 2.10ಕ್ಕೆ ಚಿಕ್ಕ ಮಲಗುವ ಕೋಣೆಯ ಬಾಗಿಲು ಶುರು.

ನೆರಳು ಮಾಡುವ ಮೋಸ

ಲಂಬ ಕ್ಯಾಮೆರಾದಲ್ಲಿ ಗೋಡೆಯ ಎತ್ತರ ಕಾಣುವುದಿಲ್ಲ, ಅದರ ನೆರಳು ಮಾತ್ರ ಕಾಣುತ್ತದೆ. ಮೊದಲ ಸಲ ಗೋಡೆಗಳನ್ನು ಪೂರ್ತಿ 2.7 ಮೀಟರ್ ಎಬ್ಬಿಸಿ, `Sun` ಬೆಳಕನ್ನು 45 ಡಿಗ್ರಿ ಓರೆಯಲ್ಲಿ ಎಡ-ಮೇಲ್ಮೂಲೆಯಿಂದ ಬಿಟ್ಟಾಗ ನೆರಳೂ 2.7 ಮೀಟರ್ ಉದ್ದ ಬಿತ್ತು. ಅದು ಕರ್ಣದ ದಿಕ್ಕಿನಲ್ಲಿ ಬೀಳುವುದರಿಂದ ಅಡ್ಡಕ್ಕೂ ಉದ್ದಕ್ಕೂ ಸುಮಾರು 1.9 ಮೀಟರ್ ಆವರಿಸುತ್ತದೆ. 2.10 × 2.30ರ ಬಾತ್‌ರೂಮಿನಲ್ಲಿ ಬಿಸಿಲು ಉಳಿದದ್ದು 20 × 40 ಸೆಂ.ಮೀ. ಮೂಲೆಯಲ್ಲಿ. ಉಳಿದದ್ದೆಲ್ಲ ಕತ್ತಲೆ, ಕಮೋಡ್ ಎಲ್ಲಿದೆ ಎಂದು ಹುಡುಕಬೇಕು. `Clip Start` ಹೆಚ್ಚಿಸಿ ಗೋಡೆಯ ಮೇಲ್ಭಾಗ ಕತ್ತರಿಸಿದರೂ ಪ್ರಯೋಜನವಾಗಲಿಲ್ಲ. ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ಅದು ಕ್ಯಾಮೆರಾದ ಕಣ್ಣಿಗಷ್ಟೇ ಮರೆ ಮಾಡುತ್ತದೆ, ಕತ್ತರಿಸಿದ ಭಾಗ ನೆರಳು ಬೀಳಿಸುತ್ತಲೇ ಇರುತ್ತದೆ. ಸಾಲದ್ದಕ್ಕೆ ಕತ್ತರಿಸಿದಲ್ಲಿ ಗೋಡೆ ಟೊಳ್ಳಾಗಿ ಕಾಣುತ್ತದೆ.

ಗೋಡೆಗಳನ್ನೇ 1.2 ಮೀಟರಿಗೆ ಇಳಿಸಿ, ತಲೆಗೆ ಗಾಢ ಬೂದು ಬಣ್ಣ ಕೊಟ್ಟು, `Sun` ಅನ್ನು ನೆಲದಿಂದ 60 ಡಿಗ್ರಿಗೆ ಏರಿಸಿದರೆ ನೆರಳು 69 ಸೆಂ.ಮೀ.ಗೆ ಇಳಿಯುತ್ತದೆ. `Angle` ಅನ್ನು 5ರಿಂದ 10 ಡಿಗ್ರಿ ಮಾಡಿದರೆ ಅಂಚು ಮೆತ್ತಗಾಗುತ್ತದೆ. ಇಷ್ಟಾದ ಮೇಲೂ ಚಿಕ್ಕ ಕೋಣೆಯ ಮೇಲ್ಗೋಡೆಯ ಪಕ್ಕ ಒಂದು ಗುರುತು ಸಿಗದ ಕಪ್ಪು ಚೌಕ ಉಳಿದಿತ್ತು. ಅದು ಆ ಕೋಣೆಯದ್ದೇ ಅಲ್ಲ. ದೊಡ್ಡ ಕೋಣೆಯಲ್ಲಿ ಅದೇ ಗೋಡೆಯ ಆಚೆ ನಿಂತ 2.1 ಮೀಟರಿನ ವಾರ್ಡ್‌ರೋಬು ಮೊಟಕಾದ ಗೋಡೆಯ ಮೇಲಿಂದ ನೆರಳು ಚೆಲ್ಲಿತ್ತು, ಗೋಡೆಯಾಚೆ ಸುಮಾರು 76 ಸೆಂ.ಮೀ. ತನಕ. ಗೋಡೆ ಕೊಯ್ದ ಎತ್ತರಕ್ಕೇ ವಾರ್ಡ್‌ರೋಬನ್ನೂ ಫ್ರಿಜ್ಜನ್ನೂ ಕೊಯ್ಯಬೇಕು.

ಬೆಳಕು ಚಿತ್ರದ ಮೇಲ್ಬದಿಯಿಂದಲೇ ಬರಲಿ. ಕೆಳಗಿನಿಂದ ಬಂದರೆ ಕಣ್ಣು ಉಬ್ಬನ್ನು ತಗ್ಗೆಂದು ಓದುತ್ತದೆ, ಮಂಚಗಳು ನೆಲದಲ್ಲಿ ತೋಡಿದ ತೊಟ್ಟಿಗಳಂತೆ ಕಾಣತೊಡಗುತ್ತವೆ. ಬಿಳಿ ಗೋಡೆ, ಬಿಳಿ ಹಾಸಿಗೆ ಬೂದಾಗಿ ಬಂದರೆ `View Transform` ಅನ್ನು `AgX` ಅಥವಾ `Filmic`ನಿಂದ `Standard`ಗೆ ಬದಲಿಸಿ. ಜಮಖಾನದ ಮೇಲೆ ಕಪ್ಪು ಚುಕ್ಕೆಗಳು ಮಿನುಗಿದರೆ ಅದು ನೆಲದ ಮಟ್ಟದಲ್ಲೇ ಇದೆ, 5 ಮಿ.ಮೀ. ಮೇಲೆತ್ತಿದರೆ ಸಾಕು.

ಹಾಳೆಯ ಮೇಲೆ ಹಾಳೆ

ಮೂಲ ಸ್ಕ್ಯಾನನ್ನು ರೆಂಡರ್‌ನ ಅಳತೆಗೆ ತಂದು ಮೇಲೆ ಹಾಸಿ ನೋಡುವುದು ಕೊನೆಯ ಪರೀಕ್ಷೆ. ಸ್ಕ್ಯಾನ್‌ನಲ್ಲಿ ಮನೆ 1600 × 1139 ಪಿಕ್ಸೆಲ್, ರೆಂಡರ್‌ನಲ್ಲಿ 2000 × 1440. ಅಡ್ಡಕ್ಕೆ ಶೇ. 125, ಉದ್ದಕ್ಕೆ ಶೇ. 126.4ಕ್ಕೆ ಹಿಗ್ಗಿಸಿ, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೇಲಿನ ಪದರವನ್ನು `Multiply` ಮಾಡಿದರೆ ಹಳೆಯ ಗೆರೆಗಳು ರೆಂಡರ್‌ನ ಮೇಲೆ ಮೂಡುತ್ತವೆ. ಸರಿಪಡಿಸಿದ ಚಿತ್ರದಲ್ಲಿ ಗೋಡೆಗಳು ಎರಡು ಪಿಕ್ಸೆಲ್ ಒಳಗೆ ಕೂತವು, ಅಂದರೆ ಒಂದು ಸೆಂಟಿಮೀಟರ್. ಬಾಗಿಲುಗಳ ಕಮಾನುಗೆರೆಗಳು ಯಾವುದರ ಮೇಲೂ ಹಾಯದೆ ಬರೀ ನೆಲದ ಮೇಲೆ ಬಿದ್ದವು. ಹೊಂದದೆ ಉಳಿದದ್ದು ಒಂದೇ: ಅಡುಗೆಮನೆಯ ಕಿಟಕಿ ಹಾಳೆಯಲ್ಲಿರುವುದಕ್ಕಿಂತ 16 ಪಿಕ್ಸೆಲ್ ಬಲಕ್ಕೆ ಸರಿದಿತ್ತು. ಸಿಂಕ್ ಕಿಟಕಿಯ ನಟ್ಟನಡುವೆ ಬರಲಿ ಎಂದು ಜೋಡಿಸುವಾಗ ಯಾರೋ ಕಿಟಕಿಯನ್ನೇ 8 ಸೆಂ.ಮೀ. ತಳ್ಳಿದ್ದರು. ಅದನ್ನು ಹಾಳೆಯ ಜಾಗಕ್ಕೆ ಮರಳಿಸಿ, ಸಿಂಕನ್ನು ಇದ್ದಲ್ಲೇ ಬಿಟ್ಟು, ಮತ್ತೊಮ್ಮೆ ರೆಂಡರ್ ಮಾಡಲಾಯಿತು.